ಭಾವನ ಕಾಲಿನ ಸೆಟೆತಕ್ಕೆ ಎರಡೆರಡು ಮಾತ್ರೆ ಏಕೆ?

ಪ್ರಶ್ನೆ: ನಮ್ಮ ಭಾವನಿಗೆ 34 ವರ್ಷ. ಎರಡು ವರ್ಷದ ಹಿಂದೆ ಕೊನೆ ತೆಗೆಯುವಾಗ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಏಟಾಯಿತು. ರಿಪೋರ್ಟಿನಲ್ಲಿ ಡಿ-10 ಎಂದಿದೆ. ಕಾಲು ಸೆಟೆದುಕೊಳ್ಳುವುದಕ್ಕೆ ಬ್ಯಾಕ್ಲೋಫೆನ್ 10 ದಿನಕ್ಕೆ ಮೂರು, ರಾತ್ರಿ ಟಿಜಾನಿಡಿನ್ 2 ಒಂದು. ಮೊನ್ನೆ ಮೂತ್ರದ ಸೋಂಕಿಗೆ ಬೇರೆ ಕಡೆ ತೋರಿಸಿದಾಗ ಸಿಪ್ರೋಫ್ಲಾಕ್ಸಾಸಿನ್ ಕೊಟ್ಟರು. ಎರಡನೇ ರಾತ್ರಿ ಎಬ್ಬಿಸಿದರೂ ಸರಿಯಾಗಿ ಏಳಲಿಲ್ಲ, ಬಿ.ಪಿ. 80/50 ಇತ್ತು. ಎರಡೂ ಒಂದೇ ಜಾತಿಯ ಮಾತ್ರೆ, ಬ್ಯಾಕ್ಲೋಫೆನ್ ನಿಲ್ಲಿಸಿಬಿಡಿ ಅನ್ನುತ್ತಾರೆ ಮೆಡಿಕಲ್ ಅಂಗಡಿಯವರು. ನೇರವಾಗಿ ಸ್ನಾಯುವಿನ ಮೇಲೇ ಕೆಲಸ ಮಾಡುವ ಡಾಂಟ್ರೋಲೀನ್ ಇದೆಯಂತೆ, ಅದೇ ಒಳ್ಳೆಯದಲ್ಲವೇ? ನಾನು ಬಿ.ಫಾರ್ಮ ಓದುತ್ತಿದ್ದೇನೆ, ಸ್ವಲ್ಪ ವಿವರವಾಗಿ ಹೇಳಿದರೂ ಅರ್ಥವಾಗುತ್ತದೆ.

ಉತ್ತರ: ಮೊದಲು ತುರ್ತಿನ ಮಾತು ಹೇಳಿಬಿಡುತ್ತೇನೆ. ಬ್ಯಾಕ್ಲೋಫೆನ್ ಅನ್ನು ಯಾರು ಹೇಳಿದರೂ ಒಮ್ಮೆಲೇ ನಿಲ್ಲಿಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಆ ರಾತ್ರಿ ಬಿ.ಪಿ. ಇಳಿಸಿದ್ದು ಬಹುಮಟ್ಟಿಗೆ ಟಿಜಾನಿಡಿನ್. ಎರಡು ಮಿಲಿಗ್ರಾಂನ ಆ ಪುಟ್ಟ ಮಾತ್ರೆಗೆ ಅಷ್ಟು ಬಲ ಬಂದದ್ದು ಸಿಪ್ರೋಫ್ಲಾಕ್ಸಾಸಿನ್ ಜೊತೆಗೆ ಸೇರಿದ್ದರಿಂದ. ಈ ಎರಡನ್ನು ಒಟ್ಟಿಗೆ ಕೊಡುವಂತಿಲ್ಲ. ಸೋಂಕಿನ ಕೋರ್ಸ್ ಇನ್ನೂ ಮುಗಿದಿಲ್ಲವಾದರೆ ಇವತ್ತೇ ವೈದ್ಯರಿಗೆ ಫೋನ್ ಮಾಡಿ, "ಟಿಜಾನಿಡಿನ್ ನಡೀತಿದೆ, ಆಂಟಿಬಯಾಟಿಕ್ ಬದಲಿಸಿ ಕೊಡ್ತೀರಾ" ಎಂದು ಕೇಳಿ. ಅವರು ಹೇಳುವವರೆಗೆ ರಾತ್ರಿಯ ಟಿಜಾನಿಡಿನ್ ಕೊಡಬೇಡಿ. ದಿನಕ್ಕೆ 2 ಮಿಲಿಗ್ರಾಂ ಮಟ್ಟದಲ್ಲಿ ಅದನ್ನು ಕೆಲವು ದಿನ ಬಿಟ್ಟರೆ ಅಪಾಯವಿಲ್ಲ, ಹೆಚ್ಚೆಂದರೆ ಕಾಲು ಒಂದಿಷ್ಟು ಜಾಸ್ತಿ ಸೆಟೆಯಬಹುದು. ಬ್ಯಾಕ್ಲೋಫೆನ್ ಹಾಗಲ್ಲ. ಯಾಕೆ ಹಾಗಲ್ಲ ಎನ್ನುವುದು ತಿಳಿಯಬೇಕಾದರೆ ಇವು ದೇಹದಲ್ಲಿ ಎಲ್ಲೆಲ್ಲಿ ನಿಂತು ಕೆಲಸ ಮಾಡುತ್ತವೆ ಎಂದು ನೋಡಬೇಕು.

ನಿಮ್ಮ ಭಾವನ ಕಾಲನ್ನೇ ಇಟ್ಟುಕೊಂಡು ನೋಡೋಣ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜುವಿಗೆ ಬೆರಳಿನಿಂದ ಮೆಲ್ಲಗೆ ಬಡಿದರೂ ಕಾಲು ಚಿಮ್ಮುತ್ತದೆ, ಒಮ್ಮೊಮ್ಮೆ ನಾಲ್ಕೈದು ಸಲ ನಡುಗಿ ನಿಲ್ಲುತ್ತದೆ. ಬಡಿದಾಗ ತೊಡೆಯ ಮುಂಭಾಗದ ಸ್ನಾಯು ಕೂದಲೆಳೆಯಷ್ಟು ಹಿಗ್ಗುತ್ತದೆ. ಸ್ನಾಯುವಿನೊಳಗೆ ಹಿಗ್ಗನ್ನು ಅಳೆಯುವ ಕದಿರಿನಾಕಾರದ ಪುಟ್ಟ ಅಂಗಗಳಿವೆ. ಅವು ಆ ಸುದ್ದಿಯನ್ನು ಐಎ ಎಂಬ ದಪ್ಪ ನರತಂತುಗಳ ಮೂಲಕ ಬೆನ್ನುಹುರಿಗೆ ಕಳಿಸುತ್ತವೆ. ಆ ತಂತುವಿನ ತುದಿ ಚಾಲಕ ನರಕೋಶದ ಮೇಲೆ ಗ್ಲುಟಮೇಟ್ ಎಂಬ ಉದ್ರೇಕಕಾರಿ ರಾಸಾಯನಿಕ ಸುರಿಯುತ್ತದೆ, ನರಕೋಶ ಸಿಡಿಯುತ್ತದೆ, ಸುದ್ದಿ ತೊಡೆಗೆ ವಾಪಸು ಬಂದು ಸ್ನಾಯು ಕುಗ್ಗುತ್ತದೆ. ನಡುವೆ ಇರುವುದು ನರಕ್ಕೂ ನರಕ್ಕೂ ಕೂಡುವ ಒಂದೇ ಒಂದು ಸಂಧಿ.

ಇನ್ನೊಂದು ದೃಶ್ಯವನ್ನೂ ನೀವು ನೋಡಿರುತ್ತೀರಿ. ಬೆಳಗಿನ ಜಾವ ಯಾರೋ ಹೊದಿಕೆ ಸರಿಸುತ್ತಾರೆ, ತಟ್ಟನೆ ಎರಡೂ ಕಾಲು ಮಡಚಿಕೊಂಡು ಹೊಟ್ಟೆಯ ಕಡೆ ಬರುತ್ತವೆ. ಭಾವನಿಗೆ ಹೊದಿಕೆ ಸೋಕಿದ್ದೂ ಗೊತ್ತಿರುವುದಿಲ್ಲ. ಇದು ಮುಳ್ಳು ತುಳಿದಾಗ ನಾವೆಲ್ಲ ಕಾಲು ಎಳೆದುಕೊಳ್ಳುವ ಅದೇ ರಿಫ್ಲೆಕ್ಸ್, ಲಗಾಮು ಕಳಚಿಕೊಂಡ ರೂಪದಲ್ಲಿ. ಇಲ್ಲಿ ಸುದ್ದಿ ಒಂದೇ ಸಂಧಿಯನ್ನು ದಾಟಿ ಹೋಗುವುದಿಲ್ಲ. ಬೆನ್ನುಹುರಿಯೊಳಗೆ ಒಂದರಿಂದ ಒಂದಕ್ಕೆ ಕೈಬದಲಾಗುತ್ತಾ ಹಲವು ಮಧ್ಯವರ್ತಿ ನರಕೋಶಗಳನ್ನು ಹಾದು, ಸೊಂಟ, ಮಂಡಿ, ಪಾದ ಮೂರರ ಸ್ನಾಯುಗಳಿಗೂ ಒಟ್ಟಿಗೆ ತಲುಪುತ್ತದೆ.

ಏಟು ಬೀಳುವ ಮೊದಲು ಈ ಎರಡೂ ದಾರಿಗಳ ಮೇಲೆ ಮಿದುಳುಕಾಂಡದ ಹಿಡಿತವಿತ್ತು. ಮೇಲಿನಿಂದ ಇಳಿಯುವ ತಂತುಗಳು "ಇಷ್ಟು ಸಾಕು" ಎಂದು ತಗ್ಗಿಸುತ್ತಿದ್ದವು. ಡಿ-10ರಲ್ಲಿ, ಅಂದರೆ ಬೆನ್ನಿನ ಎದೆಭಾಗದ ಹತ್ತನೇ ಮಟ್ಟದಲ್ಲಿ, ಆ ತಂತುಗಳಿಗೆ ಪೆಟ್ಟಾಯಿತು. ಮೊದಲ ಕೆಲವು ವಾರ ಕಾಲು ಒದ್ದೆ ಬಟ್ಟೆಯ ಹಾಗೆ ಸಡಿಲವಾಗಿದ್ದು, ಆಮೇಲೆ ನಿಧಾನವಾಗಿ ಸೆಟೆತ ಬಂದಿರಬೇಕು ಅಲ್ಲವೇ? ಬೆನ್ನುಹುರಿಯ ಕೆಳಭಾಗ ಸತ್ತಿಲ್ಲ. ಮೇಲಿನ ಹಿಡಿತ ತಪ್ಪಿದ ಮೇಲೆ ತನ್ನಷ್ಟಕ್ಕೆ ತಾನು ಅತಿಯಾಗಿ ಚುರುಕಾಗಿದೆ. ಸ್ನಾಯುವಿನಲ್ಲಿ ಕಾಯಿಲೆಯೇ ಇಲ್ಲ. ಇದೊಂದನ್ನು ನೆನಪಿಡಿ, ಡಾಂಟ್ರೋಲೀನ್ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಬ್ಯಾಕ್ಲೋಫೆನ್ ನಿಲ್ಲುವುದು ಸರಿಯಾಗಿ ಆ ಮೊದಲ ಸಂಧಿಯಲ್ಲಿ. ನಮ್ಮ ನರಮಂಡಲದ ಮುಖ್ಯ ತಡೆಯ ರಾಸಾಯನಿಕ ಗಾಬಾ ಎಂದು ನೀವು ಓದಿರುತ್ತೀರಿ. ಗಾಬಾವನ್ನೇ ಮಾತ್ರೆ ಮಾಡಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. 1962ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ಹೈನ್ರಿಕ್ ಕೆಬರ್ಲೆ ಗಾಬಾಕ್ಕೆ ಕ್ಲೋರಿನ್ ಇರುವ ಒಂದು ಫೀನೈಲ್ ಉಂಗುರ ಜೋಡಿಸಿ ಬ್ಯಾಕ್ಲೋಫೆನ್ ತಯಾರಿಸಿದರು. ಉದ್ದೇಶ ಇದ್ದದ್ದು ಮೂರ್ಛೆರೋಗಕ್ಕೆ. ಅಲ್ಲಿ ಅದು ನಿರಾಸೆ ಮಾಡಿತು, ಸೆಟೆತದಲ್ಲಿ ಮಾತ್ರ ಚೆನ್ನಾಗಿ ಕೆಲಸ ಮಾಡಿತು. 1977ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಾಗಲೂ ಅದು ಕೂರುವ ರಿಸೆಪ್ಟರ್ ಯಾವುದೆಂದು ಗೊತ್ತಿರಲಿಲ್ಲ. ನಾರ್ಮನ್ ಬೋವರಿ ಮತ್ತು ಸಂಗಡಿಗರು 1980ರ ಸುಮಾರಿಗೆ ಬ್ಯಾಕ್ಲೋಫೆನ್ ಅನ್ನೇ ಹಿಡಿದುಕೊಂಡು ಹುಡುಕಿದಾಗ, ಅದುವರೆಗೆ ತಿಳಿದಿದ್ದ ಗಾಬಾ ರಿಸೆಪ್ಟರ್‌ಗಿಂತ ಬೇರೆಯದೊಂದು ಕಂಡಿತು. ಹಳೆಯದಕ್ಕೆ ಗಾಬಾ-ಎ, ಇದಕ್ಕೆ ಗಾಬಾ-ಬಿ ಎಂದು ಹೆಸರಾಯಿತು. ಡಯಾಜೆಪಾಮ್ ಕೆಲಸ ಮಾಡುವುದು ಎ ಮೇಲೆ, ಬ್ಯಾಕ್ಲೋಫೆನ್ ಬಿ ಮೇಲೆ. ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಬರೆಯುವವರು ಬಹಳ ಜನ.

ಗಾಬಾ-ಬಿ ಆ ಸಂಧಿಯ ಎರಡೂ ದಡದಲ್ಲಿದೆ. ಐಎ ತಂತುವಿನ ತುದಿಯಲ್ಲಿ ಬ್ಯಾಕ್ಲೋಫೆನ್ ಕೂತಾಗ ಅಲ್ಲಿಗೆ ಕ್ಯಾಲ್ಸಿಯಂ ನುಗ್ಗುವುದು ಕಡಿಮೆಯಾಗುತ್ತದೆ. ಕ್ಯಾಲ್ಸಿಯಂ ಬಾರದೆ ಗ್ಲುಟಮೇಟ್ ಹೊರಬೀಳುವುದಿಲ್ಲ. ಅತ್ತ ಚಾಲಕ ನರಕೋಶದ ಮೇಲೆ ಕೂತರೆ ಪೊಟ್ಯಾಸಿಯಂ ದಾರಿಗಳು ತೆರೆದುಕೊಂಡು ಆ ಕೋಶ ಸುಲಭಕ್ಕೆ ಸಿಡಿಯದಂತಾಗುತ್ತದೆ. ಸುದ್ದಿ ಹೇಳುವ ದನಿ ತಗ್ಗಿತು, ಕೇಳುವ ಕಿವಿಯೂ ಮಂದವಾಯಿತು. ಮಧ್ಯವರ್ತಿ ನರಕೋಶಗಳ ದಾರಿಯ ಮೇಲೂ ಅದರ ಪ್ರಭಾವ ಇದೆ, ಹಾಗಾಗಿ ಹೊದಿಕೆ ಸರಿಸಿದಾಗಿನ ಸೆಟೆತವೂ ಇಳಿಯುತ್ತದೆ.

ಬ್ಯಾಕ್ಲೋಫೆನ್ನಿನ ನಿಜವಾದ ಜಾಗ ಬೆನ್ನುಹುರಿಯೇ ಎಂಬುದಕ್ಕೆ ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷಿ ಎಂದರೆ ಪಂಪ್. 1984ರಲ್ಲಿ ಅಮೆರಿಕದ ರಿಚರ್ಡ್ ಪೆನ್ ಮತ್ತು ಜೆಫ್ರಿ ಕ್ರೋಯಿನ್ ಈ ಔಷಧವನ್ನು ನೇರವಾಗಿ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಬಿಟ್ಟು ತೋರಿಸಿದರು. ಈಗಲೂ ಪಂಪ್ ಕೂರಿಸುವ ಮೊದಲು ಪರೀಕ್ಷೆಗೆಂದು ಕೊಡುವ ಪ್ರಮಾಣ 50 ಮೈಕ್ರೊಗ್ರಾಂ. ನಿಮ್ಮ ಭಾವ ದಿನಕ್ಕೆ ನುಂಗುತ್ತಿರುವುದು 30 ಮಿಲಿಗ್ರಾಂ, ಅಂದರೆ ಅದರ 600 ಪಟ್ಟು. ನುಂಗಿದ್ದರಲ್ಲಿ ಬಹುಪಾಲು ಹೋಗಬೇಕಾದ ಜಾಗಕ್ಕೆ ಹೋಗುವುದೇ ಇಲ್ಲ. ಹೋದದ್ದರಲ್ಲೂ ಒಂದು ಪಾಲು ಮಿದುಳಿಗೆ ಹೋಗಿ, ಅಲ್ಲೆಲ್ಲ ಹರಡಿರುವ ಗಾಬಾ-ಬಿ ಮೇಲೆ ಕೂತು ನಿದ್ದೆ, ಮಂಕು, ತಲೆಸುತ್ತು ತರುತ್ತದೆ. 5 ಮಿಲಿಗ್ರಾಂನಿಂದ ಶುರುಮಾಡಿ ಮೂರು ದಿನಕ್ಕೊಮ್ಮೆ ಮೆಲ್ಲಗೆ ಏರಿಸುವುದು, ಸಾಮಾನ್ಯವಾಗಿ ದಿನಕ್ಕೆ 80 ದಾಟದಿರುವುದು, ಎಲ್ಲವೂ ಆ ಮಂಕನ್ನು ತಪ್ಪಿಸುವುದಕ್ಕೆ.

ಇನ್ನು ಯಾಕೆ ತಟ್ಟನೆ ನಿಲ್ಲಿಸಬಾರದು. ತಿಂಗಳುಗಟ್ಟಲೆ ಗಾಬಾ-ಬಿ ಮೇಲೆ ಕೈಯಿಟ್ಟು ಒತ್ತಿ ಹಿಡಿದಾಗ ನರಮಂಡಲ ಆ ಒತ್ತಡಕ್ಕೆ ಹೊಂದಿಕೊಂಡಿರುತ್ತದೆ. ಕೈ ತೆಗೆದರೆ ಒಳಗಿನದು ಮೊದಲಿಗಿಂತ ಜೋರಾಗಿ ಪುಟಿಯುತ್ತದೆ. ನಾನು ನೋಡಿದ ಒಂದು ಪ್ರಸಂಗ ಹೇಳುತ್ತೇನೆ. ವರ್ಷಗಳಿಂದ ದಿನಕ್ಕೆ 60 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದ ಒಬ್ಬರು ಹಾಸಿಗೆಹುಣ್ಣಿನ ಆಪರೇಷನ್‌ಗೆಂದು ಒಂದು ಆಸ್ಪತ್ರೆಗೆ ಸೇರಿದರು. ಬಾಯಿಗೆ ಏನೂ ಕೊಡಬೇಡಿ ಎಂಬ ಸೂಚನೆಯಲ್ಲಿ ಈ ಮಾತ್ರೆಯೂ ನಿಂತಿತು, ಆಪರೇಷನ್ ಮುಗಿದ ಮೇಲೆ ಮತ್ತೆ ಬರೆಯುವುದು ಮರೆತುಹೋಯಿತು. ಎರಡನೇ ದಿನ ಸಂಜೆ ಮೈಯೆಲ್ಲ ತುರಿಕೆ ಅಂದರು. ರಾತ್ರಿ ಗೋಡೆಯ ಮೇಲೆ ಹುಳ ಹರಿಯುತ್ತಿವೆ ಎಂದು ಕೂಗಿಕೊಂಡರು. ಬೆಳಗಾಗುವಷ್ಟರಲ್ಲಿ ಕಾಲು ಮರದ ತುಂಡಿನ ಹಾಗೆ ಬಿಗಿದು, ಜ್ವರ 103 ಮುಟ್ಟಿತ್ತು. ಜ್ವರ ಕಂಡವರೆಲ್ಲ ಗಾಯದ ಸೋಂಕು ಎಂದೇ ತಿಳಿದು ಆಂಟಿಬಯಾಟಿಕ್ ಬದಲಿಸಿದರು. ಅವರ ಹೆಂಡತಿ ಮನೆಯಿಂದ ಹಳೆಯ ಚೀಟಿ ತಂದು ತೋರಿಸಿದ ಮೇಲೆ ಬ್ಯಾಕ್ಲೋಫೆನ್ ಹಳೆಯ ಪ್ರಮಾಣದಲ್ಲೇ ಶುರುವಾಯಿತು, ಮರುದಿನ ಮನುಷ್ಯ ನಮ್ಮನ್ನು ಗುರುತು ಹಿಡಿದು ಮಾತಾಡಿದರು. ಮೂರ್ಛೆ ಬರದಿದ್ದದ್ದು ಅದೃಷ್ಟ. ಬಿಡಲೇಬೇಕೆಂದಾದರೆ ವೈದ್ಯರ ಕಣ್ಗಾವಲಿನಲ್ಲಿ ವಾರಕ್ಕೆ 5 ರಿಂದ 10 ಮಿಲಿಗ್ರಾಂನಂತೆ ಇಳಿಸುತ್ತಾ ಬರಬೇಕು.

ಟಿಜಾನಿಡಿನ್ ಹಿಡಿಯುವ ಜಾಗ ಬೇರೆ. ಅದು ಗಾಬಾದ ಕುಲವೇ ಅಲ್ಲ, ಬಿ.ಪಿ. ಇಳಿಸುವ ಕ್ಲೋನಿಡಿನ್ನಿನ ಸೋದರ. ಎರಡೂ ಕೂರುವುದು ಆಲ್ಫಾ-2 ಎಂಬ ನಾರ್‌ಅಡ್ರಿನಲಿನ್ ರಿಸೆಪ್ಟರ್ ಮೇಲೆ. ಬೆನ್ನುಹುರಿಯಲ್ಲಿ ಈ ರಿಸೆಪ್ಟರ್ ಇರುವುದು ಮುಖ್ಯವಾಗಿ ಆ ಮಧ್ಯವರ್ತಿ ನರಕೋಶಗಳ ಜಾಲದಲ್ಲಿ. ಟಿಜಾನಿಡಿನ್ ಅಲ್ಲಿ ಕೂತು, ಒಂದು ಮಧ್ಯವರ್ತಿ ಇನ್ನೊಂದಕ್ಕೆ ಸುರಿಯುವ ಉದ್ರೇಕಕಾರಿ ರಾಸಾಯನಿಕವನ್ನು ತಗ್ಗಿಸುತ್ತದೆ. ಹಾಗಾಗಿ ಮಂಡಿಗೆ ಬಡಿದಾಗಿನ ಒಂದೇ ಸಂಧಿಯ ದಾರಿಯನ್ನು ಅದು ಅಷ್ಟಾಗಿ ಮುಟ್ಟುವುದಿಲ್ಲ. ಹೊದಿಕೆ ಸೋಕಿದಾಗ ಕಾಲು ಹೊಟ್ಟೆಗೆ ಬರುವ ಬಹುಸಂಧಿಯ ದಾರಿಯ ಮೇಲೆಯೇ ಅದರ ಗಮನ. ಚಾಲಕ ನರಕೋಶವನ್ನು ನೇರವಾಗಿ ಮಂಕು ಮಾಡುವುದಿಲ್ಲವಾದ್ದರಿಂದ, ಉಳಿದಿರುವ ಶಕ್ತಿ ಬ್ಯಾಕ್ಲೋಫೆನ್ನಿನಲ್ಲಿ ಕುಂದುವಷ್ಟು ಇದರಲ್ಲಿ ಕುಂದುವುದಿಲ್ಲ ಎಂದು ರೋಗಿಗಳು ಹೇಳುತ್ತಾರೆ.

ಮಿದುಳುಕಾಂಡದಿಂದ ಬೆನ್ನುಹುರಿಗೆ ನಾರ್‌ಅಡ್ರಿನಲಿನ್ ಹೊತ್ತು ತರುತ್ತಿದ್ದ ತಂತುಗಳೂ ಏಟಿನ ದಾರಿಯಲ್ಲೇ ಇದ್ದವು. ತಂತು ಹೋದರೂ ಕೆಳಗಿನ ರಿಸೆಪ್ಟರ್‌ಗಳು ಉಳಿದಿರುತ್ತವೆ. ಬಾರದೆ ನಿಂತ ನಾರ್‌ಅಡ್ರಿನಲಿನ್ನಿನ ಕೆಲಸದಲ್ಲಿ ಒಂದು ಪಾಲನ್ನು ಈ ಮಾತ್ರೆ ಹೊರಗಿನಿಂದ ಬಂದು ಮಾಡುತ್ತದೆ ಎಂದುಕೊಂಡರೆ ಬೆನ್ನುಹುರಿಯ ಏಟಿನಲ್ಲಿ ಇದನ್ನು ಯಾಕೆ ಬಳಸುತ್ತಾರೆಂದು ಅರ್ಥವಾಗುತ್ತದೆ.

ಆದ್ದರಿಂದ ಅಂಗಡಿಯವರು ಹೇಳಿದ "ಒಂದೇ ಜಾತಿ" ಎಂಬ ಮಾತು ಸರಿಯಲ್ಲ. ಅವರಿಗೆ ಹಾಗನ್ನಿಸಲು ಕಾರಣವೂ ಇದೆ. ನಮ್ಮಲ್ಲಿ ಟಿಜಾನಿಡಿನ್ ಹೆಚ್ಚಾಗಿ ಮಾರಾಟವಾಗುವುದು ಸೊಂಟನೋವಿಗೆ, ನೋವಿನ ಮಾತ್ರೆಯೊಂದಿಗೆ ಸೇರಿಸಿದ ರೂಪದಲ್ಲಿ. ಎಲ್ಲಕ್ಕೂ "ಮಸಲ್ ರಿಲ್ಯಾಕ್ಸೆಂಟ್" ಎಂದೇ ಹೆಸರು. ಆಪರೇಷನ್ ಟೇಬಲ್ ಮೇಲೆ ಅರಿವಳಿಕೆಯವರು ಕೊಡುವ ವೆಕ್ಯುರೋನಿಯಂಗೂ ಅದೇ ಹೆಸರು, ಅದು ಕೆಲಸ ಮಾಡುವುದು ನರ ಮತ್ತು ಸ್ನಾಯು ಕೂಡುವ ಜಾಗದಲ್ಲಿ. ನೀವು ಕೇಳಿದ ಮೂರು ಔಷಧಗಳಲ್ಲಿ ಒಂದೂ ಆ ಜಾಗವನ್ನು ಮುಟ್ಟುವುದಿಲ್ಲ. ನಿಮ್ಮ ಭಾವನಿಗೆ ಎರಡು ಬರೆದವರು ಯೋಚಿಸಿಯೇ ಬರೆದಿದ್ದಾರೆ. ಬ್ಯಾಕ್ಲೋಫೆನ್ ಒಂದನ್ನೇ ಏರಿಸುತ್ತಾ ಹೋದರೆ ಹಗಲು ಮಂಕು. ಅದನ್ನು 30ರಲ್ಲೇ ನಿಲ್ಲಿಸಿ, ರಾತ್ರಿ ಕಾಲು ಮಡಚಿಕೊಳ್ಳುವುದಕ್ಕೆ ಇನ್ನೊಂದು ದಾರಿಯಿಂದ ತಡೆ ಹಾಕಿದ್ದಾರೆ. ನಿದ್ದೆ ತರುವುದು ಎರಡರ ಗುಣವೂ ಹೌದು, ಅಲ್ಲಿ ಅವು ಒಂದರ ಮೇಲೊಂದು ಕೂಡುತ್ತವೆ. ಹಾಗಾಗಿಯೇ ಟಿಜಾನಿಡಿನ್ ರಾತ್ರಿಗೆ.

ಈಗ ಆ ಎರಡನೇ ರಾತ್ರಿಗೆ ಬರೋಣ. ಟಿಜಾನಿಡಿನ್ ಅನ್ನು ಒಡೆದು ಹಾಕುವುದು ಯಕೃತ್ತು, ಅಲ್ಲಿಯೂ ಮುಖ್ಯವಾಗಿ ಸಿವೈಪಿ1ಎ2 ಎಂಬ ಒಂದೇ ಕಿಣ್ವ. ನುಂಗಿದ್ದರಲ್ಲಿ ದೊಡ್ಡ ಪಾಲು ಯಕೃತ್ತಿನ ಮೊದಲ ಸುತ್ತಿನಲ್ಲೇ ನಾಶವಾಗುತ್ತದೆ, ಉಳಿದದ್ದರಲ್ಲಿ ಅರ್ಧ ಎರಡೂವರೆ ಗಂಟೆಯಲ್ಲಿ ಹೋಗುತ್ತದೆ. ಸಿಪ್ರೋಫ್ಲಾಕ್ಸಾಸಿನ್ ಆ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಫಿನ್ಲೆಂಡಿನಲ್ಲಿ 10 ಜನ ಆರೋಗ್ಯವಂತರಿಗೆ ಎರಡನ್ನೂ ಕೊಟ್ಟು ಅಳೆದಾಗ, ರಕ್ತದಲ್ಲಿ ಟಿಜಾನಿಡಿನ್ನಿನ ತುದಿಮಟ್ಟ ಸುಮಾರು 7 ಪಟ್ಟು, ದೇಹಕ್ಕೆ ಸಿಕ್ಕ ಒಟ್ಟು ಪ್ರಮಾಣ ಸುಮಾರು 10 ಪಟ್ಟು ಏರಿತ್ತು. ಆ ಲೆಕ್ಕವನ್ನು ನಿಮ್ಮ ಮನೆಗೆ ತಂದರೆ, ಭಾವ ನುಂಗಿದ 2 ಮಿಲಿಗ್ರಾಂ ದೇಹಕ್ಕೆ 20 ಮಿಲಿಗ್ರಾಂ ನುಂಗಿದಂತಾಯಿತು. ಒಮ್ಮೆಗೇ ಅಷ್ಟನ್ನು ಯಾವ ವೈದ್ಯರೂ ಕೊಡುವುದಿಲ್ಲ. ಆಲ್ಫಾ-2 ಮಿದುಳುಕಾಂಡದಲ್ಲೂ ಇದೆ, ಅಲ್ಲಿ ಅದರ ಕೆಲಸ ರಕ್ತನಾಳಗಳನ್ನು ಬಿಗಿಹಿಡಿಯುವ ಆದೇಶವನ್ನು ತಗ್ಗಿಸುವುದು. ಮಾಮೂಲಿ ಪ್ರಮಾಣದಲ್ಲಿ ಟಿಜಾನಿಡಿನ್ ಬಿ.ಪಿ.ಯನ್ನು ಕ್ಲೋನಿಡಿನ್ನಿನಷ್ಟು ಇಳಿಸದು. ಹತ್ತು ಪಟ್ಟಾದಾಗ ಆ ವ್ಯತ್ಯಾಸ ಉಳಿಯುವುದಿಲ್ಲ.

ಇದು ಬ್ಯಾಕ್ಲೋಫೆನ್ನಿನ ಅತಿಯಲ್ಲ ಎಂದು ನಾನು ಊಹಿಸುವುದು ಹೇಗೆ? ಟಿಜಾನಿಡಿನ್ನಿನದು ಮಾತ್ರೆ ನುಂಗಿದ ಒಂದೆರಡು ಗಂಟೆಯೊಳಗೆ ಶುರುವಾಗುತ್ತದೆ. ಬಿ.ಪಿ. ಬೀಳುತ್ತದೆ, ನಾಡಿ ನಿಧಾನವಾಗುತ್ತದೆ, ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುತ್ತದೆ. ಮಾತ್ರೆಯ ಬಲ ಇಳಿದಂತೆ ಮನುಷ್ಯ ಚೇತರಿಸಿಕೊಳ್ಳುತ್ತಾರೆ. ಬ್ಯಾಕ್ಲೋಫೆನ್ ಹೆಚ್ಚಾಗಿ ಕೂಡಿಕೊಂಡರೆ ಅದು ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಕಟ್ಟಿಕೊಳ್ಳುವ ಮಂಕು. ಮಾತು ತೊದಲುತ್ತದೆ, ಇರುವ ಜಾಗದ ಪರಿವೆ ತಪ್ಪುತ್ತದೆ, ಸೆಟೆತವಿದ್ದ ಕಾಲು ಸಡಿಲಬೀಳುತ್ತದೆ, ಕೈ ಆಗಾಗ ತಟ್ಟನೆ ಜಗ್ಗಿದಂತೆ ಆಗುತ್ತದೆ, ಉಸಿರು ನಿಧಾನವಾಗುತ್ತದೆ. ಇದರಲ್ಲಿ ಯಾವುದು ಕಂಡರೂ ಮನೆಯಲ್ಲಿ ಕಾಯಬಾರದು, ಆಸ್ಪತ್ರೆಗೆ ಹೋಗಬೇಕು. ಎರಡೂ ಸೇರಿರುವುದುಂಟು, ಸೋಂಕು ರಕ್ತಕ್ಕೆ ಹರಡಿದರೂ ಬಿ.ಪಿ. ಬೀಳುತ್ತದೆ. ಚಳಿಜ್ವರ ಇದ್ದರೆ ಅದನ್ನೇ ಮೊದಲು ಯೋಚಿಸಬೇಕು.

ಬ್ಯಾಕ್ಲೋಫೆನ್ ಕೂಡಿಕೊಳ್ಳುವುದಕ್ಕೆ ಕಾರಣ ಬೇರೆಯೇ ಅಂಗ. ಅದರ ಬಹುಪಾಲು ಯಕೃತ್ತಿನಲ್ಲಿ ಬದಲಾಗದೆ ಹಾಗೆಯೇ ಮೂತ್ರದಲ್ಲಿ ಹೋಗುತ್ತದೆ. ಬೆನ್ನುಹುರಿಗೆ ಏಟಾದವರಲ್ಲಿ ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಮತ್ತೆ ಮತ್ತೆ ಸೋಂಕು, ಮೂತ್ರ ಮೇಲಕ್ಕೆ ಹಿಮ್ಮೆಟ್ಟುವುದು, ಹೀಗೆ ವರ್ಷಗಳಲ್ಲಿ ಕಿಡ್ನಿ ಸವೆಯುತ್ತದೆ. ಕಿಡ್ನಿ ತೀರಾ ಕೆಟ್ಟವರಲ್ಲಿ ಬರೀ 5-10 ಮಿಲಿಗ್ರಾಂ ಬ್ಯಾಕ್ಲೋಫೆನ್ ಕೂಡ ಎಚ್ಚರ ತಪ್ಪಿಸಬಲ್ಲದು, ಆಗ ಡಯಾಲಿಸಿಸ್ ಮಾಡಿ ತೆಗೆಯಬೇಕಾಗುತ್ತದೆ. ಇಲ್ಲೊಂದು ಮೋಸವಿದೆ. ಕಿಡ್ನಿ ಹೇಗಿದೆ ಎಂದು ತಿಳಿಯಲು ರಕ್ತದಲ್ಲಿ ಅಳೆಯುವ ಕ್ರಿಯಾಟಿನಿನ್ ಬರುವುದು ಸ್ನಾಯುವಿನಿಂದ. ಕಾಲಿನ ಸ್ನಾಯು ಕರಗಿಹೋದವರಲ್ಲಿ ಅದು ಹುಟ್ಟುವುದೇ ಕಡಿಮೆ, ಹಾಗಾಗಿ ಕಿಡ್ನಿ ಅರ್ಧ ಸೋತಿದ್ದರೂ ರಿಪೋರ್ಟಿನಲ್ಲಿ 1.0 ಎಂದು ಚೆಂದವಾಗಿ ಕಾಣಬಹುದು. ಭಾವನಿಗೆ ಸೋಂಕು ಪದೇಪದೇ ಬರುತ್ತಿದ್ದರೆ ಸಿಸ್ಟಾಟಿನ್ ಸಿ ಪರೀಕ್ಷೆ ಮಾಡಿಸಬಹುದೇ ಎಂದು ಅವರ ವೈದ್ಯರನ್ನು ಕೇಳಿ, ಅದು ಸ್ನಾಯುವಿನ ಗಾತ್ರವನ್ನು ಅಷ್ಟಾಗಿ ಅವಲಂಬಿಸಿಲ್ಲ.

ಈಗ ಡಾಂಟ್ರೋಲೀನ್. ನೀವು ಓದಿದ್ದು ನಿಜ, ಅದು ನರವನ್ನೂ ಬೆನ್ನುಹುರಿಯನ್ನೂ ಬಿಟ್ಟು ಸೀದಾ ಸ್ನಾಯುವಿನೊಳಗೆ ಕೆಲಸ ಮಾಡುತ್ತದೆ. ಸ್ನಾಯುಕೋಶದ ಒಳಗೆ ಕ್ಯಾಲ್ಸಿಯಂ ತುಂಬಿಟ್ಟುಕೊಂಡ ಚೀಲಗಳ ಬಲೆ ಇದೆ. ಅದನ್ನು ಕೆರೆ ಎಂದುಕೊಳ್ಳಿ. ನರದ ಆದೇಶ ಬಂದಾಗ ಕೆರೆಯ ತೂಬು ಎತ್ತುತ್ತದೆ, ಕ್ಯಾಲ್ಸಿಯಂ ಹರಿದು ಎಳೆಗಳು ಒಂದರೊಳಗೊಂದು ಜಾರಿ ಸ್ನಾಯು ಕುಗ್ಗುತ್ತದೆ. ಆ ತೂಬಿನ ಹೆಸರು ರಯನೋಡಿನ್ ರಿಸೆಪ್ಟರ್, ನಾವು ಕೈಕಾಲಾಡಿಸುವ ಸ್ನಾಯುಗಳಲ್ಲಿ ಅದರ 1ನೇ ಬಗೆ. ಡಾಂಟ್ರೋಲೀನ್ ಆ ತೂಬನ್ನು ಅರ್ಧಕ್ಕೇ ಹಿಡಿಯುತ್ತದೆ. ಆದೇಶ ಪೂರ್ತಿ ಬಂದಿದೆ, ನೀರು ಮಾತ್ರ ಕಡಿಮೆ. ಹೃದಯದಲ್ಲಿರುವುದು 2ನೇ ಬಗೆ, ಅದನ್ನು ಈ ಔಷಧ ಅಷ್ಟಾಗಿ ತಡೆಯುವುದಿಲ್ಲ, ಆದ್ದರಿಂದಲೇ ಕೊಡಲು ಸಾಧ್ಯ.

ತೊಂದರೆ ಇರುವುದು ಇಲ್ಲೇ. ಡಾಂಟ್ರೋಲೀನಿಗೆ ಸೆಟೆದ ಸ್ನಾಯು ಯಾವುದು, ಸರಿಯಿರುವ ಸ್ನಾಯು ಯಾವುದು ಎಂಬ ಭೇದವಿಲ್ಲ. ತೂಬು ಎಲ್ಲ ಕಡೆಯೂ ಒಂದೇ. ನಿಮ್ಮ ಭಾವ ಹಾಸಿಗೆಯಿಂದ ವೀಲ್‌ಚೇರಿಗೆ ಹೇಗೆ ಬರುತ್ತಾರೆ ನೋಡಿ. ಎರಡೂ ಅಂಗೈ ಊರಿ, ಮೊಣಕೈ ಸೆಟೆಸಿ, ಇಡೀ ಮೈಯನ್ನು ಭುಜದ ಬಲದಲ್ಲಿ ಎತ್ತಿ ಪಕ್ಕಕ್ಕೆ ಇಡುತ್ತಾರೆ. ಡಿ-10ರ ಏಟಿನಲ್ಲಿ ಉಳಿದಿರುವ ಆಸ್ತಿಯೇ ಆ ಕೈಗಳು. ರೋಗವಿಲ್ಲದ ಆ ಕೈಗಳ ತೂಬನ್ನೂ ಡಾಂಟ್ರೋಲೀನ್ ಅರ್ಧ ಮುಚ್ಚುತ್ತದೆ. ಕಾಲು ಸಡಿಲವಾಯಿತು, ಮನುಷ್ಯ ಹಾಸಿಗೆಯಲ್ಲೇ ಉಳಿದರು ಎಂದಾದರೆ ಏನು ಬಂತು? ಕೈಕಾಲು ಯಾವುದನ್ನೂ ಬಳಸಲಾಗದೆ ಮಲಗಿರುವವರಲ್ಲಿ, ತೊಡೆ ಬಿಡಿಸಿ ಶುಚಿ ಮಾಡುವುದೂ ಕಷ್ಟವಾದಾಗ, ಆಗ ಇದನ್ನು ಯೋಚಿಸುವುದುಂಟು. ಅಲ್ಲಿಯೂ ಯಕೃತ್ತಿನ ಭಯ ಬಿಡುವುದಿಲ್ಲ. ಅಮೆರಿಕದಲ್ಲಿ ಈ ಮಾತ್ರೆಯ ಮೇಲೆ ಯಕೃತ್ತಿನ ಹಾನಿಯ ಬಗ್ಗೆ ಚೌಕಟ್ಟು ಹಾಕಿದ ಎಚ್ಚರಿಕೆಯೇ ಇದೆ. ದಿನಕ್ಕೆ 25 ಮಿಲಿಗ್ರಾಂನಿಂದ ಶುರುಮಾಡಿ, ಆಗಾಗ ಯಕೃತ್ತಿನ ರಕ್ತಪರೀಕ್ಷೆಯಾದ ಎಲ್‌ಎಫ್‌ಟಿ ನೋಡುತ್ತಾ, 400 ದಾಟದೆ, ಲಾಭ ಕಾಣದಿದ್ದರೆ ಬಿಟ್ಟುಬಿಡಬೇಕು. ಮೇಲಾಗಿ ಅದು ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವ ಔಷಧವೂ ಅಲ್ಲ.

ಡಾಂಟ್ರೋಲೀನ್ ನಿಜವಾಗಿ ಪ್ರಾಣ ಉಳಿಸುವ ಜಾಗ ಒಂದಿದೆ, ಅಲ್ಲಿ ಕಾಯಿಲೆ ಇರುವುದೇ ತೂಬಿನಲ್ಲಿ. ಕೆಲವು ಕುಟುಂಬಗಳಲ್ಲಿ ರಯನೋಡಿನ್ ರಿಸೆಪ್ಟರ್ ಹುಟ್ಟಿನಿಂದಲೇ ಸಡಿಲ. ಅಂಥವರಿಗೆ ಹ್ಯಾಲೋಥೇನ್‌ನಂತಹ ಅರಿವಳಿಕೆ ಅನಿಲವನ್ನೋ ಸಕ್ಸಿನಿಲ್‌ಕೋಲಿನ್ ಅನ್ನೋ ಕೊಟ್ಟರೆ ತೂಬು ತೆರೆದುಕೊಂಡು ಮತ್ತೆ ಮುಚ್ಚುವುದೇ ಇಲ್ಲ. ದೇಹದ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿದು ಉರಿಯುತ್ತವೆ, ಹೊರಬಿಡುವ ಇಂಗಾಲದ ಡೈಆಕ್ಸೈಡ್ ಏರುತ್ತದೆ, ದವಡೆ ಕಚ್ಚಿಕೊಳ್ಳುತ್ತದೆ, ಜ್ವರ ನೋಡನೋಡುತ್ತಲೇ ಮೇಲೇರುತ್ತದೆ. ಮಾರಕ ಅತಿಜ್ವರ ಎನ್ನುವುದು ಇದನ್ನೇ. ಮೆಲ್ಬರ್ನ್‌ನ ಒಬ್ಬ ಯುವಕನಿಗೆ ಕಾಲು ಮುರಿದಾಗ, ಕಾಲಿಗಿಂತ ಅರಿವಳಿಕೆಯ ಬಗ್ಗೆಯೇ ಅವನಿಗೆ ಹೆಚ್ಚು ಭಯವಿತ್ತು. ಈಥರ್ ಕೊಟ್ಟಾಗ ಸತ್ತ ನೆಂಟರು ಅವನ ಕುಟುಂಬದಲ್ಲಿ ಹತ್ತು ಜನ. ಡೆನ್‌ಬರೋ ಮತ್ತು ಲವೆಲ್ 1960ರಲ್ಲಿ ಅದನ್ನು ವರದಿ ಮಾಡಿದರು. 1975ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್, ಇದೇ ದೋಷವಿರುವ ಹಂದಿಗಳನ್ನು ಡಾಂಟ್ರೋಲೀನ್ ಕೊಟ್ಟು ಬದುಕಿಸಿ ತೋರಿಸಿದರು. 1979ರಲ್ಲಿ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಆ ಇಂಜೆಕ್ಷನ್ ಸಿದ್ಧಮಾಡುವುದೇ ಒಂದು ಪಾಡು. ಹಳೆಯ ಬಗೆಯ ಬಾಟಲಿಯಲ್ಲಿ ಇರುವುದು ಬರೀ 20 ಮಿಲಿಗ್ರಾಂ ಕಿತ್ತಳೆ ಬಣ್ಣದ ಪುಡಿ. ಪ್ರತಿ ಬಾಟಲಿಗೂ 60 ಎಂಎಲ್ ಶುದ್ಧ ನೀರು ಹಾಕಿ, ತಿಳಿಯಾಗುವವರೆಗೆ ಕುಲುಕಬೇಕು. ಮೊದಲ ಡೋಸ್ ಕಿಲೋಗೆ 2.5 ಮಿಲಿಗ್ರಾಂ. 60 ಕಿಲೋ ತೂಕದವರಿಗೆ 150 ಮಿಲಿಗ್ರಾಂ, ಅಂದರೆ ಏಳೂವರೆ ಬಾಟಲಿ. ಒಬ್ಬರು ಅರಿವಳಿಕೆ ನೋಡಿಕೊಳ್ಳುತ್ತಿರುವಾಗ ಉಳಿದವರೆಲ್ಲ ಕೂತು ಎಂಟು ಬಾಟಲಿ ಕುಲುಕಬೇಕು. ಬ್ಯಾಕ್ಲೋಫೆನ್ ಆಗಲಿ ಟಿಜಾನಿಡಿನ್ ಆಗಲಿ ಇಲ್ಲಿ ಕೆಲಸಕ್ಕೆ ಬಾರದು, ಅವು ನಿಲ್ಲಿಸುವುದು ಬೆನ್ನುಹುರಿಯ ಸುದ್ದಿಯನ್ನು, ಇಲ್ಲಿ ಸುದ್ದಿಯೇ ಇಲ್ಲದೆ ಸ್ನಾಯು ಉರಿಯುತ್ತಿದೆ. ನಾನು ಮೇಲೆ ಹೇಳಿದ ಬ್ಯಾಕ್ಲೋಫೆನ್ ನಿಂತವರಲ್ಲಿ ಕತೆ ತಿರುವುಮುರುವು. ಅಲ್ಲಿ ಡಾಂಟ್ರೋಲೀನ್ ಕೊಟ್ಟರೆ ಬಿಗಿತವೂ ಸ್ನಾಯು ಕರಗುವುದೂ ಸ್ವಲ್ಪ ತಗ್ಗಬಹುದು, ಗೋಡೆಯ ಮೇಲಿನ ಹುಳ ಹೋಗುವುದಿಲ್ಲ. ಹುಳ ಕಂಡದ್ದು ಮಿದುಳಿಗೆ, ಡಾಂಟ್ರೋಲೀನ್ ಇರುವುದು ಸ್ನಾಯುವಿನಲ್ಲಿ.

ಕೊನೆಯದಾಗಿ ಮನೆಯಲ್ಲಿ ಮಾಡಬೇಕಾದದ್ದು. ಭಾವನ ಸೆಟೆತ ಒಮ್ಮೆಲೇ ಹೆಚ್ಚಾದರೆ ಮಾತ್ರೆ ಏರಿಸುವ ಮುಂಚೆ ಕಾರಣ ಹುಡುಕಿ. ಮೂತ್ರ ಕಲಕಿ ವಾಸನೆ ಬರುತ್ತಿದೆಯೇ, ಮಲ ಕಟ್ಟಿದೆಯೇ, ಪೃಷ್ಠದಲ್ಲೋ ಹಿಮ್ಮಡಿಯಲ್ಲೋ ಚರ್ಮ ಕೆಂಪಾಗಿದೆಯೇ, ಕಾಲ್ಬೆರಳ ಉಗುರು ಒಳಗೆ ಬೆಳೆದಿದೆಯೇ. ಅವರಿಗೆ ನೋವು ತಿಳಿಯುವುದಿಲ್ಲ, ಕಾಲಿನ ಸೆಟೆತವೇ ನೋವಿನ ಮಾತು. ಬಹುಶಃ ಈ ಸೋಂಕಿನ ಮುಂಚೆಯೂ ಕಾಲು ಜಾಸ್ತಿ ಸೆಟೆದಿರಬೇಕು, ನೆನಪು ಮಾಡಿಕೊಳ್ಳಿ. ಸೆಟೆತವನ್ನು ಪೂರ್ತಿ ಅಳಿಸಲೂ ಹೋಗಬೇಡಿ. ಕಾಲು ನೀಟವಾಗಿ ಬಿಗಿಯುವುದನ್ನೇ ಬಳಸಿಕೊಂಡು ಅವರು ಚಡ್ಡಿ ಏರಿಸಿಕೊಳ್ಳುತ್ತಿರಬಹುದು, ಕ್ಯಾಲಿಪರ್ ಹಾಕಿ ನಿಲ್ಲುತ್ತಿರಬಹುದು. ಯಾವ ಹೊತ್ತಿನ ಸೆಟೆತ ಕಾಟ, ಯಾವುದು ಉಪಯೋಗ ಎಂದು ಅವರನ್ನೇ ಕೇಳಿ ಒಂದು ವಾರ ಬರೆದಿಡಿ. ಬರೆದ ಹಾಳೆ ಕೈಯಲ್ಲಿದ್ದರೆ ವೈದ್ಯರಿಗೆ ಯಾವ ಮಾತ್ರೆಯನ್ನು ಯಾವ ಹೊತ್ತಿಗೆ ಸರಿಸಬೇಕೆಂದು ತಿಳಿಯುತ್ತದೆ.

ಮತ್ತೆ ಅವರ ಫೈಲಿನ ಮೊದಲ ಹಾಳೆಯ ಮೇಲೆ, ಮೊಬೈಲ್ ಕವರಿನ ಹಿಂದೆಯೂ, ದಪ್ಪಕ್ಷರದಲ್ಲಿ ಎರಡು ಸಾಲು ಬರೆದು ಅಂಟಿಸಿ: "ಬ್ಯಾಕ್ಲೋಫೆನ್ ನಡೆಯುತ್ತಿದೆ, ತಟ್ಟನೆ ನಿಲ್ಲಿಸಬೇಡಿ. ಟಿಜಾನಿಡಿನ್ ಇದೆ, ಸಿಪ್ರೋಫ್ಲಾಕ್ಸಾಸಿನ್ ಕೊಡಬೇಡಿ." ಮನೋರೋಗಕ್ಕೆ ಬಳಸುವ ಫ್ಲುವಾಕ್ಸಮಿನ್ ಸಿಪ್ರೋಗಿಂತಲೂ ಜೋರಾಗಿ ಆ ಕಿಣ್ವವನ್ನು ಕಟ್ಟಿಹಾಕುತ್ತದೆ, ಅದರ ಹೆಸರನ್ನೂ ಸೇರಿಸಿ. ಮೂತ್ರದ ಸೋಂಕಿಗೆ ನಮ್ಮಲ್ಲಿ ಧಾರಾಳವಾಗಿ ಬರೆಯುವ ನಾರ್‌ಫ್ಲಾಕ್ಸಾಸಿನ್ ಬಗ್ಗೆಯೂ ಎಚ್ಚರಿಕೆ ಇರಲಿ. ಯಾವ ಆಂಟಿಬಯಾಟಿಕ್ ಕೊಡಬೇಕೆಂಬುದನ್ನು ಮೂತ್ರದ ಕಲ್ಚರ್ ನೋಡಿ ವೈದ್ಯರು ನಿರ್ಧರಿಸಲಿ, ಮೂತ್ರದ ಸ್ಯಾಂಪಲ್ ಕೊಡದೆ ಮೊದಲ ಮಾತ್ರೆ ನುಂಗಿಸಬೇಡಿ.